ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದು ಮತ್ತು ಕ್ರಿಯೆಯ ವಿಧವನ್ನು ಗುರುತಿಸುವುದು

ಸಮೀಕರಣವನ್ನು ಸರಿದೂಗಿಸುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಲೆಕ್ಕದ ತಪ್ಪುಗಳಲ್ಲ. ಯಾವ ಅಂಕಿಯನ್ನು ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ಸ್ಪಷ್ಟವಾಗದಿರುವುದರಿಂದಲೇ ಅವು ಹುಟ್ಟುತ್ತವೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಮೊದಲು ಅದನ್ನು ನೋಡಿ, ಸುಲಭದಿಂದ ಕಠಿಣಕ್ಕೆ ಸಾಗುವ ಕೆಲವು ಸಮೀಕರಣಗಳನ್ನು ಬಿಡಿಸಿ, ಅದೇ ಸಮೀಕರಣಗಳ ಮೂಲಕ ಕ್ರಿಯೆಗಳ ವಿಧಗಳನ್ನು ಗುರುತಿಸೋಣ.

ಸಮೀಕರಣದಲ್ಲಿ ಎರಡು ಬಗೆಯ ಅಂಕಿಗಳಿರುತ್ತವೆ. ಸೂತ್ರದ ಒಳಗೆ ಕೆಳಗಿಳಿಸಿ ಬರೆಯುವ ಸಣ್ಣ ಅಂಕಿಯು ಆ ವಸ್ತುವಿನ ಒಂದು ಅಣುವಿನಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳಿವೆ ಎಂಬುದನ್ನು ಹೇಳುತ್ತದೆ. ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿಯನ್ನು ಸಹಗುಣಕ ಎನ್ನುತ್ತೇವೆ. ಅದು ಅಂತಹ ಎಷ್ಟು ಅಣುಗಳು ಕ್ರಿಯೆಯಲ್ಲಿ ಭಾಗವಹಿಸುತ್ತವೆ ಎಂಬುದನ್ನು ಹೇಳುತ್ತದೆ. ಸರಿದೂಗಿಸುವಾಗ ಬದಲಾಯಿಸಬಹುದಾದದ್ದು ಸಹಗುಣಕವನ್ನು ಮಾತ್ರ.

ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವುದನ್ನು ತೆಗೆದುಕೊಳ್ಳೋಣ.

H₂ + O₂ → H₂O

ಎಡಗಡೆ ಆಕ್ಸಿಜನ್ ಪರಮಾಣುಗಳು ಎರಡು, ಬಲಗಡೆ ಒಂದು. ಇಲ್ಲಿ ಬಲಗಡೆಯ ಸೂತ್ರವನ್ನು H₂O₂ ಎಂದು ತಿದ್ದಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಬಂದಿರುತ್ತದೆ. ಅದು ಬಟ್ಟೆಯ ಬಣ್ಣವನ್ನು ತೆಗೆಯಬಲ್ಲ, ಕುಡಿಯಲಾಗದ ಬೇರೆಯೇ ದ್ರವ. ಕೆಳಗಿನ ಅಂಕಿಯನ್ನು ಬದಲಾಯಿಸುವುದೆಂದರೆ ವಸ್ತುವನ್ನೇ ಬದಲಾಯಿಸಿದಂತೆ. ಸರಿಯಾದ ದಾರಿಯೆಂದರೆ ನೀರಿನ ಮುಂದೆ 2 ಹಾಕುವುದು. ಆಗ ಬಲಗಡೆ ಹೈಡ್ರೋಜನ್ ನಾಲ್ಕಾಗುವುದರಿಂದ ಎಡಗಡೆಯ H₂ ಮುಂದೆಯೂ 2 ಬರುತ್ತದೆ.

2H₂ + O₂ → 2H₂O

ಮೊದಲ ಮೆಟ್ಟಿಲು: ಕಬ್ಬಿಣ ಮತ್ತು ಹಬೆ

ಕಾಯಿಸಿದ ಕಬ್ಬಿಣದ ಮೇಲೆ ನೀರಿನ ಹಬೆ ಹಾಯಿಸಿದಾಗ Fe₃O₄ ಎಂಬ ಕಬ್ಬಿಣದ ಆಕ್ಸೈಡ್ ಮತ್ತು ಹೈಡ್ರೋಜನ್ ಅನಿಲ ದೊರೆಯುತ್ತವೆ.

Fe + H₂O → Fe₃O₄ + H₂

ಎಲ್ಲಿಂದ ಆರಂಭಿಸಬೇಕು ಎಂಬ ಗೊಂದಲ ಇಲ್ಲಿಯೇ ಮೊದಲು ಎದುರಾಗುತ್ತದೆ. ಹೆಚ್ಚು ಪರಮಾಣುಗಳಿರುವ ಸಂಯುಕ್ತವನ್ನು ಮೊದಲು ಹಿಡಿಯುವುದು ಒಳ್ಳೆಯದು. ಇಲ್ಲಿ ಅದು Fe₃O₄. ಅದರಲ್ಲಿ ನಾಲ್ಕು ಆಕ್ಸಿಜನ್ ಪರಮಾಣುಗಳಿದ್ದು, ಅವು ಬರಬಹುದಾದದ್ದು ನೀರಿನಿಂದ ಮಾತ್ರ. ಆದ್ದರಿಂದ ನೀರಿನ ಮುಂದೆ 4 ಬರೆಯುತ್ತೇವೆ. ಈಗ ಎಡಗಡೆ ಎಂಟು ಹೈಡ್ರೋಜನ್ ಪರಮಾಣುಗಳಾದವು, ಆದ್ದರಿಂದ ಬಲಗಡೆ 4H₂. ಮೂರು ಕಬ್ಬಿಣದ ಪರಮಾಣುಗಳು ಬೇಕಾದ್ದರಿಂದ ಎಡಗಡೆ 3Fe.

3Fe + 4H₂O → Fe₃O₄ + 4H₂

ಕಬ್ಬಿಣವನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಎಡಗಡೆ ಅದು ಒಂಟಿ ಧಾತುವಾಗಿದೆ. ಅದರ ಮುಂದಿನ ಅಂಕಿಯನ್ನು ಬದಲಾಯಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ. ಒಂಟಿಯಾಗಿರುವ ಧಾತುಗಳನ್ನು ಕೊನೆಗೆ ಇಟ್ಟುಕೊಳ್ಳುವ ಈ ಅಭ್ಯಾಸದಿಂದ ಅರ್ಧ ಶ್ರಮ ಉಳಿಯುತ್ತದೆ.

ಎರಡನೆಯ ಮೆಟ್ಟಿಲು: ಆವರಣ ಚಿಹ್ನೆಯೊಳಗಿನ ಗುಂಪು

Al₂(SO₄)₃ + BaCl₂ → AlCl₃ + BaSO₄

ಇಲ್ಲಿ SO₄ ಎಂಬ ಸಲ್ಫೇಟ್ ಗುಂಪು ಎರಡೂ ಕಡೆ ಒಡೆಯದೆ ಉಳಿದಿದೆ. ಆದ್ದರಿಂದ ಗಂಧಕ ಮತ್ತು ಆಕ್ಸಿಜನ್‌ಗಳನ್ನು ಬೇರೆಬೇರೆಯಾಗಿ ಎಣಿಸದೆ ಗುಂಪನ್ನೇ ಒಂದಾಗಿ ಎಣಿಸಬಹುದು. ಎಡಗಡೆ ಮೂರು ಗುಂಪುಗಳಿವೆ, ಆದ್ದರಿಂದ ಬಲಗಡೆ 3BaSO₄. ಮೂರು ಬೇರಿಯಂ ಬೇಕಾದ್ದರಿಂದ ಎಡಗಡೆ 3BaCl₂. ಅದರಿಂದ ಆರು ಕ್ಲೋರಿನ್ ದೊರೆಯುತ್ತವೆ. AlCl₃ ಒಂದರಲ್ಲಿ ಮೂರು ಇರುವುದರಿಂದ 2AlCl₃. ಎರಡು ಅಲ್ಯೂಮಿನಿಯಂ ತಾನಾಗಿಯೇ ಸರಿಹೊಂದುತ್ತದೆ.

Al₂(SO₄)₃ + 3BaCl₂ → 2AlCl₃ + 3BaSO₄

ಇಲ್ಲಿ ಆಗುವ ತಪ್ಪು ಆವರಣದ ಹೊರಗಿನ ಅಂಕಿಗೆ ಸಂಬಂಧಿಸಿದ್ದು. (SO₄)₃ ಎಂದರೆ ಮೂರು ಗಂಧಕ ಮತ್ತು ಹನ್ನೆರಡು ಆಕ್ಸಿಜನ್. ಹೊರಗಿನ 3 ಆಕ್ಸಿಜನ್‌ಗೆ ಮಾತ್ರ ಅನ್ವಯಿಸುತ್ತದೆಂದು ಭಾವಿಸಿದರೆ ಗಂಧಕದ ಲೆಕ್ಕ ಎಂದಿಗೂ ಕೂಡುವುದಿಲ್ಲ.

ಮೂರನೆಯ ಮೆಟ್ಟಿಲು: ಗುಂಪು ಒಡೆದಾಗ

ಲೆಡ್ ನೈಟ್ರೇಟ್‌ನ ಬಿಳಿ ಪುಡಿಯನ್ನು ಪ್ರನಾಳದಲ್ಲಿ ಕಾಯಿಸಿದರೆ ಕಂದು ಬಣ್ಣದ ಹೊಗೆ ಏಳುತ್ತದೆ. ಆ ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದು ವಿಷಕಾರಿ, ಸೀಸದ ಸಂಯುಕ್ತಗಳೂ ವಿಷಕಾರಿಯೇ ಆದ್ದರಿಂದ ಈ ಪ್ರಯೋಗವನ್ನು ಶಿಕ್ಷಕರು ಗಾಳಿಯಾಡುವ ಜಾಗದಲ್ಲಿ ಮಾಡಿ ತೋರಿಸಬೇಕೇ ಹೊರತು ನಾವು ಮಾಡಬಾರದು.

Pb(NO₃)₂ → PbO + NO₂ + O₂

ಹಿಂದಿನ ಉದಾಹರಣೆಯ ರೂಢಿಯಲ್ಲಿ NO₃ ಅನ್ನು ಗುಂಪಾಗಿ ಎಣಿಸಲು ಹೊರಟರೆ ಇಲ್ಲಿ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಬಲಗಡೆ ಎಲ್ಲಿಯೂ NO₃ ಇಲ್ಲ. ಗುಂಪು ಎರಡೂ ಕಡೆ ಕಾಣುತ್ತದೆಯೇ ಎಂದು ನೋಡಿಕೊಂಡ ಮೇಲೆಯೇ ಅದನ್ನು ಗುಂಪಾಗಿ ಎಣಿಸಬೇಕು. ಇಲ್ಲಿ ಧಾತುಗಳನ್ನು ಬಿಡಿಬಿಡಿಯಾಗಿಯೇ ಎಣಿಸೋಣ.

ಸೀಸ ಎರಡೂ ಕಡೆ ಒಂದೊಂದಿದೆ. ನೈಟ್ರೋಜನ್ ಎಡಗಡೆ ಎರಡು, ಬಲಗಡೆ ಒಂದು. ಆದ್ದರಿಂದ 2NO₂ ಎಂದು ಬರೆಯುತ್ತೇವೆ. ಈಗ ಆಕ್ಸಿಜನ್ ಎಡಗಡೆ ಆರು. ಬಲಗಡೆ PbO ದಿಂದ ಒಂದು, 2NO₂ ದಿಂದ ನಾಲ್ಕು, O₂ ದಿಂದ ಎರಡು, ಒಟ್ಟು ಏಳು. ಒಂದು ಆಕ್ಸಿಜನ್ ಪರಮಾಣು ಹೆಚ್ಚಾಯಿತು. ಈ ಹಂತದಲ್ಲಿ ಅನೇಕರು O₂ ಅನ್ನು O ಎಂದು ತಿದ್ದಿ ಮುಂದೆ ಹೋಗುತ್ತಾರೆ. ಆದರೆ ಆಕ್ಸಿಜನ್ ಅನಿಲದ ಅಣುವಿನಲ್ಲಿ ಎರಡು ಪರಮಾಣುಗಳಿರುವುದರಿಂದ ಹಾಗೆ ಬರೆಯುವಂತಿಲ್ಲ. ಇದಕ್ಕೊಂದು ನೇರವಾದ ಉಪಾಯವಿದೆ: ತಾತ್ಕಾಲಿಕವಾಗಿ O₂ ಮುಂದೆ ½ ಎಂದು ಬರೆಯಿರಿ.

Pb(NO₃)₂ → PbO + 2NO₂ + ½O₂

ಈಗ ಬಲಗಡೆಯೂ ಆರು ಆಕ್ಸಿಜನ್ ಆದವು. ಬಳಿಕ ಭಿನ್ನರಾಶಿಯನ್ನು ತೆಗೆಯಲು ಎಲ್ಲ ಸಹಗುಣಕಗಳನ್ನೂ 2ರಿಂದ ಗುಣಿಸಬೇಕು.

2Pb(NO₃)₂ → 2PbO + 4NO₂ + O₂

ಗುಣಿಸುವಾಗ ಯಾವುದೋ ಒಂದು ಪದವನ್ನು, ಸಾಮಾನ್ಯವಾಗಿ ಮುಂದೆ ಅಂಕಿಯಿಲ್ಲದ PbO ಅನ್ನು, ಮರೆತುಬಿಡುವುದು ಇಲ್ಲಿನ ಮುಖ್ಯ ತಪ್ಪು. ಅಂಕಿಯಿಲ್ಲವೆಂದರೆ ಅಲ್ಲಿ 1 ಇದೆಯೆಂದೇ ಅರ್ಥ. ಉತ್ತರ ಸರಿಯೇ ಎಂಬುದನ್ನು ರಾಶಿಯ ಮೂಲಕವೂ ಪರೀಕ್ಷಿಸಬಹುದು. ಪರಮಾಣು ರಾಶಿಗಳನ್ನು ಸೀಸಕ್ಕೆ 207, ನೈಟ್ರೋಜನ್‌ಗೆ 14, ಆಕ್ಸಿಜನ್‌ಗೆ 16 ಎಂದು ತೆಗೆದುಕೊಂಡರೆ Pb(NO₃)₂ ಒಂದರ ರಾಶಿ 331, ಎರಡರದು 662. ಬಲಗಡೆ 2PbO ಗೆ 446, 4NO₂ ಗೆ 184, O₂ ಗೆ 32; ಕೂಡಿದರೆ 662. ರಾಶಿ ಸಂರಕ್ಷಣಾ ನಿಯಮ ಹೇಳುವುದೂ ಇದನ್ನೇ. ಈ ಪರೀಕ್ಷೆ ದೀರ್ಘವಾದರೂ, ಎಣಿಕೆಯಲ್ಲಿ ಸಂದೇಹ ಬಂದಾಗ ನಂಬಬಹುದಾದದ್ದು ಎಂಬುದು ನನ್ನ ಅಭಿಪ್ರಾಯ.

ಇದೇ ½ ಉಪಾಯ ಅಡುಗೆ ಅನಿಲದಲ್ಲಿರುವ ಬ್ಯೂಟೇನ್ ಉರಿಯುವ ಸಮೀಕರಣಕ್ಕೂ ಒದಗುತ್ತದೆ. C₄H₁₀ ದಿಂದ 4CO₂ ಮತ್ತು 5H₂O ಬರುತ್ತವೆ; ಬಲಗಡೆಯ ಆಕ್ಸಿಜನ್ ಹದಿಮೂರು, ಅಂದರೆ O₂ ಮುಂದೆ 13/2. ಎರಡರಿಂದ ಗುಣಿಸಿದಾಗ:

2C₄H₁₀ + 13O₂ → 8CO₂ + 10H₂O

ಕ್ರಿಯೆಯ ವಿಧವನ್ನು ಓದುವ ಬಗೆ

ಕಾಯಿಸಿದರು, ಬಣ್ಣ ಬದಲಾಯಿತು, ಅನಿಲ ಬಂತು ಎಂಬ ಸೂಚನೆಗಳಿಂದ ಕ್ರಿಯೆಯ ವಿಧ ತಿಳಿಯುವುದಿಲ್ಲ. ಬಾಣದ ಎರಡೂ ಕಡೆ ಎಷ್ಟು ವಸ್ತುಗಳಿವೆ ಮತ್ತು ಅವುಗಳಲ್ಲಿ ಒಂಟಿ ಧಾತು ಯಾವುದು ಎಂಬೆರಡನ್ನು ನೋಡಬೇಕು. ಅನೇಕ ವಸ್ತುಗಳು ಸೇರಿ ಒಂದೇ ಉತ್ಪನ್ನವಾದರೆ ಅದು ಸಂಯೋಗ ಕ್ರಿಯೆ. ಲೆಡ್ ನೈಟ್ರೇಟ್‌ನಂತೆ ಒಂದೇ ವಸ್ತು ಹಲವಾದರೆ ವಿಭಜನ ಕ್ರಿಯೆ. ಕಬ್ಬಿಣ ಮತ್ತು ಹಬೆಯ ಕ್ರಿಯೆಯಲ್ಲಿ ಎಡಗಡೆ ಒಂಟಿಯಾಗಿದ್ದ ಕಬ್ಬಿಣವು ಸಂಯುಕ್ತದೊಳಗೆ ಹೋಗಿ, ಅಲ್ಲಿದ್ದ ಹೈಡ್ರೋಜನ್ ಒಂಟಿಯಾಗಿ ಹೊರಬಂದಿದೆ. ಅದು ಸ್ಥಾನಪಲ್ಲಟ ಕ್ರಿಯೆ. ಬೇರಿಯಂ ಕ್ಲೋರೈಡ್‌ನ ಕ್ರಿಯೆಯಲ್ಲಿ ಒಂಟಿ ಧಾತು ಯಾವುದೂ ಇಲ್ಲ, ಎರಡು ಸಂಯುಕ್ತಗಳು ತಮ್ಮ ಅಯಾನುಗಳನ್ನು ವಿನಿಮಯ ಮಾಡಿಕೊಂಡಿವೆ; ಅದು ದ್ವಿಸ್ಥಾನಪಲ್ಲಟ ಕ್ರಿಯೆ. ಅಲ್ಲಿ ದೊರೆಯುವ ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗದ ಬಿಳಿಯ ಪ್ರಕ್ಷೇಪವಾಗಿ ತಳದಲ್ಲಿ ನಿಲ್ಲುತ್ತದೆ.

ಸಂಯೋಗಕ್ಕೆ ಧಾತುಗಳೇ ಬೇಕೆಂಬ ತಪ್ಪು ಕಲ್ಪನೆಯೂ ಸಾಮಾನ್ಯ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಸಶಬ್ದವಾಗಿ ಬಿಸಿಯಾಗಿ ಅರಳುವ CaO + H₂O → Ca(OH)₂ ಎಂಬ ಕ್ರಿಯೆಯಲ್ಲಿ ಎಡಗಡೆ ಎರಡೂ ಸಂಯುಕ್ತಗಳೇ. ಉತ್ಪನ್ನ ಒಂದೇ ಆದ್ದರಿಂದ ಅದು ಸಂಯೋಗ ಕ್ರಿಯೆ. ಹಾಗೆಯೇ ಬ್ಯೂಟೇನ್‌ನ ದಹನವನ್ನು ಈ ನಾಲ್ಕರಲ್ಲಿ ಒಂದಕ್ಕೆ ಬಲವಂತವಾಗಿ ಸೇರಿಸಬೇಕಾಗಿಲ್ಲ. ಅದು ಉತ್ಕರ್ಷಣ ಕ್ರಿಯೆ. ಉತ್ಕರ್ಷಣ, ಅಪಕರ್ಷಣ ಎಂಬುದು ಬೇರೆಯೇ ದೃಷ್ಟಿಯ ವಿಂಗಡಣೆಯಾದ್ದರಿಂದ ಒಂದೇ ಕ್ರಿಯೆಗೆ ಎರಡು ಹೆಸರುಗಳೂ ಸಲ್ಲಬಹುದು. ಕಬ್ಬಿಣ ಮತ್ತು ಹಬೆಯ ಕ್ರಿಯೆ ಸ್ಥಾನಪಲ್ಲಟವೂ ಹೌದು, ಕಬ್ಬಿಣದ ಉತ್ಕರ್ಷಣವೂ ಹೌದು.

ಇನ್ನೊಂದು ಮಿತಿಯನ್ನು ಮರೆಯಬಾರದು. ಕೆಳಗಿನ ಎರಡೂ ಸಮೀಕರಣಗಳು ಕಾಗದದ ಮೇಲೆ ಸರಿದೂಗಿವೆ.

Fe + CuSO₄ → FeSO₄ + Cu

Cu + FeSO₄ → CuSO₄ + Fe

ಮೊದಲನೆಯದು ನಡೆಯುತ್ತದೆ: ಮೈಲುತುತ್ತದ ನೀಲಿ ದ್ರಾವಣದಲ್ಲಿ ಉಜ್ಜಿ ಶುಚಿಮಾಡಿದ ಕಬ್ಬಿಣದ ಮೊಳೆಯನ್ನು ಸ್ವಲ್ಪ ಹೊತ್ತು ಬಿಟ್ಟರೆ ಮೊಳೆಯ ಮೇಲೆ ಕೆಂಗಂದು ತಾಮ್ರ ಕೂರುತ್ತದೆ, ದ್ರಾವಣದ ನೀಲಿ ಮಂಕಾಗಿ ತೆಳು ಹಸಿರಿಗೆ ತಿರುಗುತ್ತದೆ. ಎರಡನೆಯದು ನಡೆಯುವುದಿಲ್ಲ, ಏಕೆಂದರೆ ತಾಮ್ರವು ಕಬ್ಬಿಣಕ್ಕಿಂತ ಕಡಿಮೆ ಕ್ರಿಯಾಶೀಲ. ಸರಿದೂಗಿದ ಸಮೀಕರಣವು ಪರಮಾಣುಗಳ ಲೆಕ್ಕಕ್ಕೆ ಮಾತ್ರ ಸಾಕ್ಷಿ. ಕ್ರಿಯೆ ನಡೆಯುವುದೇ ಎಂಬುದನ್ನು ಲೋಹಗಳ ಕ್ರಿಯಾಶೀಲತಾ ಸರಣಿಯಿಂದ ತಿಳಿಯಬೇಕು.

ಅಭ್ಯಾಸಕ್ಕೆ

ಈ ಮೂರನ್ನು ಸರಿದೂಗಿಸಿ, ವಿಧವನ್ನು ಬರೆಯಿರಿ. ಕಷ್ಟ ಒಂದರಿಂದ ಒಂದಕ್ಕೆ ಹೆಚ್ಚುತ್ತದೆ.

Na + H₂O → NaOH + H₂

KI + Pb(NO₃)₂ → PbI₂ + KNO₃

FeSO₄ → Fe₂O₃ + SO₂ + SO₃

ಮೊದಲನೆಯದರಲ್ಲಿ ಸಹಗುಣಕಗಳು ಕ್ರಮವಾಗಿ 2, 2, 2, 1; ಅದು ಸ್ಥಾನಪಲ್ಲಟ. ಎರಡನೆಯದರಲ್ಲಿ 2, 1, 1, 2. ಇಲ್ಲಿ NO₃ ಒಡೆಯದೆ ಉಳಿಯುವುದರಿಂದ ಅದನ್ನು ಗುಂಪಾಗಿ ಎಣಿಸಬಹುದು, ಹಳದಿ ಪ್ರಕ್ಷೇಪ ಬೀಳುವ ಇದು ದ್ವಿಸ್ಥಾನಪಲ್ಲಟ. ಮೂರನೆಯದರಲ್ಲಿ 2, 1, 1, 1. SO₄ ಒಡೆದಿರುವುದರಿಂದ ಬಿಡಿಯಾಗಿ ಎಣಿಸಬೇಕು, ಎರಡೂ ಕಡೆ ಆಕ್ಸಿಜನ್ ಎಂಟಾಗುತ್ತದೆ, ಮತ್ತು ಒಂದೇ ವಸ್ತು ಮೂರಾಗಿರುವುದರಿಂದ ಇದು ವಿಭಜನ ಕ್ರಿಯೆ.