ಬಿದ್ದಿದ್ದೋ, ಕೂತಿದ್ದೋ?

ಅಮ್ಮ ಹೂ ಕಟ್ಟೋಕೆ ನೆಲದ ಮೇಲೆ ಕೂತರು. ಮೊದಲು ಗೋಡೆಗೆ ಕೈ, ಆಮೇಲೆ ಒಂದು ಮಂಡಿ, ಕೊನೆಗೆ ಸೊಂಟ. ಮೂಲೆಯಲ್ಲಿ ನಾನು ಹಾಕಿದ್ದ ಕ್ಯಾಮೆರಾ ತಕ್ಷಣ ನನ್ನ ಫೋನಿಗೆ ಸುದ್ದಿ ಕಳಿಸಿತು: ಬಿದ್ದಿದ್ದಾರೆ. ಮೊದಲ ದಿನವೇ ಹೀಗೆ ಹನ್ನೊಂದು ಸಲ. ಮೂರನೇ ದಿನದ ಹೊತ್ತಿಗೆ ನಾನು ಆ ಮೆಸೇಜ್ ತೆರೆಯುವುದನ್ನೇ ಬಿಟ್ಟಿದ್ದೆ. ನಿಜವಾಗಿ ಬಿದ್ದಿದ್ದರೂ ಗೊತ್ತಾಗುತ್ತಿರಲಿಲ್ಲ.

ಬಿದ್ದದ್ದನ್ನು ಸರಿಯಾಗಿ ತಿಳಿಯುವ ತೊಡಕು ಹೊಸದಲ್ಲ. ಮೊದಲು ಬಂದದ್ದು ಒತ್ತುವ ಗುಂಡಿ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಂಡ್ರೂ ಡಿಬ್ನರ್ ‘ಲೈಫ್‌ಲೈನ್’ ಶುರುಮಾಡಿದರು. ಬಿದ್ದವರು ಗುಂಡಿ ಒತ್ತಿದರೆ ಸಹಾಯಕ್ಕೆ ಕರೆ ಹೋಗುತ್ತದೆ. ಆದರೆ ಒತ್ತಬೇಕಲ್ಲ? ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರ ಬಗ್ಗೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಗುಂಡಿ ಬಹಳ ಜನರ ಬಳಿ ಇತ್ತು. ಆದರೂ ಬಿದ್ದು ತುಂಬಾ ಹೊತ್ತು ನೆಲದಲ್ಲೇ ಉಳಿದವರಲ್ಲಿ ಹೆಚ್ಚಿನವರು ಅದನ್ನು ಬಳಸಿರಲಿಲ್ಲ.

ಹಾಗಾಗಿ ಮೈಗೆ ಕಟ್ಟಿಕೊಳ್ಳುವ ಸೆನ್ಸರ್ ಬಂತು. ಹಠಾತ್ ಹೊಡೆತ ಬಿದ್ದರೆ ಅದೇ ಪತ್ತೆ ಹಚ್ಚುತ್ತದೆ. ಅದನ್ನು ಪರೀಕ್ಷಿಸಿದ್ದು ಮಾತ್ರ ಹೆಚ್ಚಾಗಿ ಹಾಸಿಗೆ ಮೇಲೆ ಬೇಕಂತಲೇ ಬಿದ್ದ ಯುವಕರ ಮೇಲೆ. 2012ರಲ್ಲಿ ಯುರೋಪಿನ ಸಂಶೋಧಕರು ನಿಜವಾಗಿ ಬಿದ್ದವರ ದಾಖಲೆ ಹಿಡಿದು ನೋಡಿದಾಗ ಅದೇ ಲೆಕ್ಕಾಚಾರಗಳು ಸೋತವು. ಮರುವರ್ಷ ಕೆನಡಾದಿಂದ ಇನ್ನೊಂದು ಅಧ್ಯಯನ ಬಂತು. ವೃದ್ಧರ ಆರೈಕೆ ಕೇಂದ್ರಗಳ ಕ್ಯಾಮೆರಾದಲ್ಲಿ ಸಿಕ್ಕ 227 ಬೀಳುವಿಕೆಗಳನ್ನು ಒಂದೊಂದಾಗಿ ನೋಡಿದ್ದರು. ಎಡವಿ ಬಿದ್ದದ್ದು ಶೇ. 21 ಅಷ್ಟೆ. ಶೇ. 41 ಸಲ ಕಾರಣ ಬೇರೆ: ಮೈಭಾರ ತಪ್ಪಾದ ಕಡೆ ವಾಲಿದ್ದು. ನಾವು ಅಂದುಕೊಂಡಂತೆ ಎಡವಿ ಬೀಳುವವರೇ ಜಾಸ್ತಿ ಅಲ್ಲ ಅಂತ ನನಗೆ ಹೊಳೆದದ್ದು ಇದನ್ನು ಓದಿದಾಗ.

ಆಮೇಲೆ ಕ್ಯಾಮೆರಾದ ಸರದಿ. 2017ರಲ್ಲಿ ಬಂದ ‘ಓಪನ್‌ಪೋಸ್’ ಅನ್ನೋ ತಂತ್ರಾಂಶ ಸಾಮಾನ್ಯ ವಿಡಿಯೋದಲ್ಲೇ ಮನುಷ್ಯನ ಕೀಲುಗಳನ್ನು ಗುರುತಿಸಿತು. ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. 2021ರಲ್ಲಿ ಗೂಗಲ್ ಬಿಟ್ಟ ‘ಮೂವ್‌ನೆಟ್’ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮೇಲೂ ಓಡುತ್ತದೆ. ಮೂಗು, ಹೆಗಲು, ಸೊಂಟ, ಮಂಡಿ ಹೀಗೆ 17 ಚುಕ್ಕೆ ಕೊಡುತ್ತದೆ. ಚಿತ್ರ ಮನೆಯಿಂದ ಹೊರಗೆ ಹೋಗಬೇಕಿಲ್ಲ. ಅಮ್ಮ ಒಪ್ಪಿದ್ದೂ ಅದಕ್ಕೇ.

ಇನ್ನು ಸುಳ್ಳು ಅಲಾರಂ. ಎರಡು ಸೆಕೆಂಡಿಗೊಮ್ಮೆ ‘ಬಿದ್ದರಾ?’ ಅಂತ ಕೇಳಿದರೆ ದಿನಕ್ಕೆ 43,200 ಸಲ ಕೇಳಿದಂತಾಯಿತು. ಸಾವಿರಕ್ಕೆ ಒಂದೇ ಸಲ ತಪ್ಪಿದರೂ ದಿನಕ್ಕೆ 43 ಸುಳ್ಳು ಸುದ್ದಿ. ಅಮ್ಮ ಬೀಳುವುದು ವರ್ಷಕ್ಕೆ ಒಂದು ಸಲ ಇರಬಹುದು, ಇಲ್ಲದೆಯೂ ಇರಬಹುದು. ಬರೀ ತಂತ್ರಾಂಶವನ್ನು ಚುರುಕು ಮಾಡಿ ಈ ಲೆಕ್ಕ ಗೆಲ್ಲೋಕಾಗಲ್ಲ.

ನನ್ನ ತಪ್ಪು ಸಿಕ್ಕಿದ್ದು ದಾಖಲೆ ತೆಗೆದು ನೋಡಿದಾಗ. ‘ಮೈ ನೆಲದ ಹತ್ತಿರ ಇದ್ದರೆ, ಇಲ್ಲವೇ ಸಟ್ಟನೆ ಕೆಳಗಿಳಿದರೆ ಬಿದ್ದಂತೆ’ ಅಂತ ಬರೆದಿದ್ದೆ. ನಮ್ಮ ಮನೆಗಳಲ್ಲಿ ನೆಲ ಅಂದರೆ ಊಟ, ಹೂ ಕಟ್ಟುವುದು, ಮಧ್ಯಾಹ್ನದ ಚಾಪೆ, ದೇವರಿಗೆ ನಮಸ್ಕಾರ ಎಲ್ಲವೂ. ಇನ್ನು ಕೆಲವು ಸುದ್ದಿ ಬಂದದ್ದು ಸೀರೆಯಿಂದ. ನೆರಿಗೆಯೊಳಗೆ ಸೊಂಟ, ಮಂಡಿ ಕಾಣದೆ ಚುಕ್ಕೆ ಸಟ್ಟನೆ ಕೆಳಗೆ ಹಾರಿ, ಮರುಕ್ಷಣ ವಾಪಸ್ ಬರುತ್ತಿತ್ತು. ಯಂತ್ರಕ್ಕೆ ಅದು ಭಾರೀ ವೇಗ. ನಿಜವಾದ ಬೀಳುವಿಕೆ ಹಾಗಿರಲ್ಲ. ಮುಕ್ಕಾಲು ಸೆಕೆಂಡು ಅಂದುಕೊಂಡರೂ, ಸೆಕೆಂಡಿಗೆ ಹತ್ತು ಚಿತ್ರದ ಲೆಕ್ಕದಲ್ಲಿ ಏಳೆಂಟು ಚಿತ್ರಗಳಲ್ಲಿ ಸೊಂಟ ಬಿಡದೆ ಇಳಿಯುತ್ತಾ ಬರಬೇಕು.

ಈಗ ಹೀಗೆ ಮಾಡಿದ್ದೇನೆ. ಚುಕ್ಕೆ ಎಷ್ಟು ಖಚಿತ ಅಂತ ಮೂವ್‌ನೆಟ್ ಕೊಡುವ ಅಂಕ 0.3ಕ್ಕಿಂತ ಕಡಿಮೆಯಿದ್ದರೆ ಆ ಚಿತ್ರ ಲೆಕ್ಕಕ್ಕಿಲ್ಲ. ವೇಗವನ್ನು ಅಳೆಯುವುದು ಪಿಕ್ಸೆಲ್‌ನಲ್ಲಲ್ಲ, ಅಮ್ಮ ನಿಂತಾಗ ಹೆಗಲಿಂದ ಸೊಂಟಕ್ಕೆ ಇರುವ ಉದ್ದದಲ್ಲಿ. ಇಲ್ಲದಿದ್ದರೆ ಕ್ಯಾಮೆರಾ ಹತ್ತಿರ ಕೂತರೂ ಬಿದ್ದಂತೆ ಕಾಣುತ್ತದೆ. ಸೊಂಟ ಬೇಗ ಇಳಿದರೆ 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಎದ್ದು ಕೂತರೆ ಸುಮ್ನಾಗುತ್ತದೆ. ನಿಧಾನಕ್ಕೆ ಗೋಡೆ ಹಿಡಿದು ಜಾರಿದರೆ ವೇಗದ ಲೆಕ್ಕಕ್ಕೆ ಸಿಗಲ್ಲ. ಅದಕ್ಕೆ ಇನ್ನೊಂದು ದಾರಿ: ಚಾಪೆ, ಊಟ, ದೇವರ ಮನೆಯ ಮುಂದಿನ ಜಾಗ ಬಿಟ್ಟು ಬೇರೆಲ್ಲಾದರೂ ಐದು ನಿಮಿಷ ನೆಲದಲ್ಲೇ ಇದ್ದರೆ ಅನುಮಾನ. ಎರಡರಲ್ಲಿ ಯಾವುದೇ ಆದರೂ ಯಂತ್ರ ಮೊದಲು ನನ್ನ ದನಿಯಲ್ಲೇ ಕೇಳುತ್ತದೆ, ‘ಅಮ್ಮಾ, ಚೆನ್ನಾಗಿದ್ದೀರಾ? ಕೈ ಎತ್ತಿ.’ ಮಣಿಕಟ್ಟು ತಲೆಗಿಂತ ಮೇಲೆ ಹೋದರೆ ಮುಗೀತು. ಇಲ್ಲದಿದ್ದರೆ ಪಕ್ಕದ ಮನೆಗೆ ಫೋನು, ಆಮೇಲೆ ನನಗೆ.

ವಾರಕ್ಕೆ ಒಂದೋ ಎರಡೋ ಸಲ ಅಮ್ಮ ಕೈ ಎತ್ತುತ್ತಾರೆ. ನನ್ನವರೆಗೆ ಬಂದ ಸುಳ್ಳು ಸುದ್ದಿ ಈ ತಿಂಗಳು ಒಂದೇ. ಅವತ್ತು ಅವರು ಅಡುಗೆಮನೆಯಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಿದ್ದರು, ಎರಡೂ ಕೈಗೆ ಎಣ್ಣೆ, ಮೇಣ.

ಬಚ್ಚಲುಮನೆಯಲ್ಲಿ ಕ್ಯಾಮೆರಾ ಇಡುವ ಮಾತೇ ಇಲ್ಲ. ಜಾರುವ ಭಯ ಜಾಸ್ತಿ ಇರುವುದೂ ಅಲ್ಲೇ. ಬಾಗಿಲ ಹೊರಗಿನ ಕ್ಯಾಮೆರಾ ಒಳಗೆ ಹೋದ ಹೊತ್ತು ಗುರುತಿಟ್ಟುಕೊಂಡು, 25 ನಿಮಿಷ ದಾಟಿದರೆ ಕರೆಯುತ್ತದೆ. ಎಣ್ಣೆಸ್ನಾನದ ದಿನ ಅದನ್ನು 50ಕ್ಕೆ ಏರಿಸೋಕೆ ಅಮ್ಮನೇ ಕಲಿತಿದ್ದಾರೆ.