ರಾತ್ರಿಯಿಡೀ ಬೆಕ್ಕಿನ ಕೂಗು: ಪಕ್ಕದ ಮನೆಯವರಿಗೆ ಏನಂತ ಬರೆಯಲಿ?

ಪ್ರಶ್ನೆ: ನಮ್ಮದು ಕುಮಟಾ ಹತ್ತಿರ ಹಂಚಿನ ಮನೆ. ನಮ್ಮ ಹೆಣ್ಣು ಬೆಕ್ಕಿಗೆ ಎಂಟು ತಿಂಗಳು. ನಾಲ್ಕು ದಿನದಿಂದ ರಾತ್ರಿ ಪಾಗಾರದ ಮೇಲೆ ಕೂತು ಒಂದೇ ಸಮ ಕೂಗುತ್ತದೆ. ಪಕ್ಕದ ಮನೆಯ ನಿವೃತ್ತ ಮಾಸ್ತರು ಸಿಟ್ಟಾಗಿ ಚೀಟಿ ಕಳಿಸಿದ್ದಾರೆ: ‘ಕಟ್ಟಿ ಹಾಕಿ, ಇಲ್ಲಾಂದ್ರೆ ಎಲ್ಲಾದರೂ ಬಿಟ್ಟು ಬನ್ನಿ.’ ಮನಸ್ತಾಪ ಆಗದ ಹಾಗೆ ಹೇಗೆ ಉತ್ತರಿಸಲಿ?

ಉತ್ತರ: ಪೆನ್ನು ಹಿಡಿಯುವ ಮೊದಲು ಬೆಕ್ಕು ಯಾಕೆ ಕೂಗುತ್ತಿದೆ ಅಂತ ನೋಡಿ. ಕಾರಣ ಗೊತ್ತಿಲ್ಲದೆ ಬರೆದರೆ ಕಾಗದದಲ್ಲಿ ಬರೀ ‘ಕ್ಷಮಿಸಿ’ ಉಳಿಯುತ್ತದೆ. ಮಾಸ್ತರಿಗೆ ಬೇಕಾಗಿರುವುದು ನಿದ್ದೆ.

ಎಂಟು ತಿಂಗಳ ಹೆಣ್ಣು ಬೆಕ್ಕು ಅಂದರೆ ಬಹುಮಟ್ಟಿಗೆ ಬೆದೆಗೆ ಬಂದಿರುತ್ತದೆ. ಬೆನ್ನು ಸವರಿ ನೋಡಿ. ಮುಂಗಾಲು ಬಗ್ಗಿಸಿ, ಹಿಂಭಾಗ ಮೇಲೆತ್ತಿ, ಬಾಲ ಒಂದು ಬದಿಗೆ ಸರಿಸಿ, ಹಿಂಗಾಲಲ್ಲಿ ನಿಂತಲ್ಲೇ ತುಳಿಯತೊಡಗಿದರೆ ಅನುಮಾನವೇ ಬೇಡ. ನೆಲದ ಮೇಲೆ ಹೊರಳಾಡುವುದೂ ಇದೆ. ಎಷ್ಟೋ ಜನ ಇದನ್ನು ಹೊಟ್ಟೆನೋವು ಅಂದುಕೊಂಡು ಗಾಬರಿಯಾಗುತ್ತಾರೆ. ಈ ಕೂಗು ಉದ್ದಕ್ಕೆ ಎಳೆದ ಹಾಗಿರುತ್ತದೆ. ಗಂಡು ಬೆಕ್ಕುಗಳ ಜಗಳದ ಸದ್ದು ಬೇರೆ. ಅದು ಗುರುಗುಟ್ಟಿ, ಕಿರುಚಿ, ಅಲ್ಲಿಗೇ ನಿಲ್ಲುತ್ತದೆ.

ಬೆದೆ ಸಾಮಾನ್ಯವಾಗಿ ಒಂದು ವಾರ ಇರುತ್ತದೆ. ಗಂಡು ಸೇರದಿದ್ದರೆ ಎರಡು-ಮೂರು ವಾರ ಬಿಟ್ಟು ಮತ್ತೆ ಶುರು. ಹಾಗಾಗಿ ಬೈದರೂ ಕಟ್ಟಿದರೂ ಪ್ರಯೋಜನವಿಲ್ಲ. ಸಂತಾನಹರಣದ ಆಪರೇಷನ್ನೇ ಪರಿಹಾರ. ಬೆದೆಯಲ್ಲಿದ್ದಾಗ ರಕ್ತಸ್ರಾವ ಜಾಸ್ತಿ ಆಗಬಹುದು ಅಂತ ಸಾಮಾನ್ಯವಾಗಿ ವೈದ್ಯರು ಅದು ಮುಗಿಯುವ ತನಕ ಕಾಯುತ್ತಾರೆ. ಆದರೆ ಮುಗಿದ ಮೇಲೆ ಜಾಸ್ತಿ ತಡ ಮಾಡಿದರೆ ಮುಂದಿನ ಬೆದೆ ಬಂದುಬಿಡುತ್ತದೆ. ಆದ್ದರಿಂದ ಪಶು ವೈದ್ಯರ ಹತ್ತಿರ ಇವತ್ತೇ ದಿನ ಗೊತ್ತು ಮಾಡಿಕೊಳ್ಳಿ, ಆಮೇಲೆ ಕಾಗದ ಬರೆಯಿರಿ. ನಾನಾದರೆ ಹೀಗೆ ಬರೆಯುತ್ತೇನೆ:

> ಮಾಸ್ತರಿಗೆ ನಮಸ್ಕಾರ.
>
> ನಿಮ್ಮ ಚೀಟಿ ಸಿಕ್ಕಿತು. ನಾಲ್ಕು ರಾತ್ರಿ ನಿಮಗೆ ನಿದ್ದೆ ಕೆಟ್ಟಿದೆ. ನಮ್ಮಿಂದ ತೊಂದರೆಯಾಯಿತು, ಕ್ಷಮಿಸಬೇಕು.
>
> ಬೆಕ್ಕು ಬೆದೆಗೆ ಬಂದಿದೆ, ಕೂಗುತ್ತಿರುವುದು ಅದಕ್ಕೇ. ಇನ್ನೂ ಮೂರು-ನಾಲ್ಕು ದಿನ ಪೂರ್ತಿ ನಿಲ್ಲುವುದಿಲ್ಲ. ಇವತ್ತಿನಿಂದ ಸಂಜೆ ಕತ್ತಲಾಗುವ ಮೊದಲೇ ಒಳಗೆ ಹಾಕಿ, ನಿಮ್ಮ ಮನೆಗೆ ದೂರವಾದ ಹಿಂದಿನ ಕೋಣೆಯಲ್ಲಿ ಇಡುತ್ತೇವೆ. ಸದ್ದು ಕಮ್ಮಿಯಾಗುತ್ತದೆ.
>
> ಮುಂದಿನ ವಾರ ಗುರುವಾರ ಆಪರೇಷನ್ನಿಗೆ ದಿನ ಗೊತ್ತಾಗಿದೆ. ಅದಾದ ಮೇಲೆ ಈ ಕೂಗು ಇರುವುದಿಲ್ಲ. ಆ ಬಳಿಕವೂ ರಾತ್ರಿ ಸದ್ದು ಕೇಳಿದರೆ ಎಷ್ಟು ಗಂಟೆಗೆ, ಯಾವ ಕಡೆಯಿಂದ ಅಂತ ದಯವಿಟ್ಟು ತಿಳಿಸಿ. ಮಧ್ಯರಾತ್ರಿಯಾದರೂ ಫೋನ್ ಮಾಡಿ, ಎದ್ದು ನೋಡುತ್ತೇವೆ.
>
> ಬೆಕ್ಕನ್ನು ಬಿಟ್ಟು ಬರಲು ನಮ್ಮಿಂದಾಗದು. ಬಾಕಿ ಏನು ಮಾಡಬೇಕೋ ಮಾಡುತ್ತೇವೆ.

‘ಇನ್ನೂ ಮೂರು-ನಾಲ್ಕು ದಿನ’ ಅನ್ನುವ ಮಾತನ್ನು ಬಿಡಬೇಡಿ. ‘ನಾಳೆಯಿಂದ ಸದ್ದಿರಲ್ಲ’ ಅಂತ ಬರೆದು, ನಾಳೆ ರಾತ್ರಿ ಅದು ಕೂಗಿದರೆ ನಿಮ್ಮ ಮುಂದಿನ ಮಾತನ್ನು ಅವರು ನಂಬುವುದಿಲ್ಲ. ‘ಬೆಕ್ಕು ಅಂದ್ಮೇಲೆ ಕೂಗಲ್ವಾ’ ಅನ್ನುವ ಧಾಟಿಯೂ ಬೇಡ. ಸಾಕಿದ ಪ್ರಾಣಿಯನ್ನು ಹಸಿವೆ-ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ. ಆದರೆ ಮೊದಲ ಕಾಗದದಲ್ಲೇ ಕಾನೂನು ಎತ್ತಿದರೆ ಮಾತುಕತೆ ಅಲ್ಲಿಗೇ ಮುಗಿದ ಹಾಗೆ.

ಕಾಗದದಲ್ಲಿ ಹೇಳಿದ ಕೋಣೆಯನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಹಂಚಿನ ಮನೆಗಳಲ್ಲಿ ಗೋಡೆಗೂ ಮಾಡಿಗೂ ನಡುವೆ ಸಂದಿ ಇರುತ್ತದಲ್ಲ, ಬೆಕ್ಕು ಅಟ್ಟ ಹತ್ತಿ ಅಲ್ಲಿಂದಲೇ ಪಾರು. ಸದ್ದು ಹೊರಗೆ ಹೋಗುವುದೂ ಅಲ್ಲಿಂದಲೇ. ಸಂದಿಗೆ ಜಾಳಿಗೆ ಬಡಿದು, ಒಳಗಿಂದ ದಪ್ಪ ಗೋಣಿಚೀಲ ಇಳಿಬಿಡಿ. ಗಾಳಿಗೆ ಒಂದು ಕಡೆ ತೆರೆದಿರಲಿ, ಆದರೆ ಅದು ಮಾಸ್ತರ ಮನೆಯ ಕಡೆ ಬೇಡ. ಒಳಗೆ ನೀರು, ಹೇಲು-ಉಚ್ಚೆಗೆ ಮಣ್ಣು ತುಂಬಿದ ತಟ್ಟೆ ಇಡಿ. ಮಲಗುವ ಮುಂಚೆ ಹಗ್ಗದ ತುಂಡು ಎಳೆದಾಡಿ ಚೆನ್ನಾಗಿ ಆಡಿಸಿ, ಆಮೇಲೆ ಊಟ ಹಾಕಿ. ಬೆದೆಯ ಕೂಗು ಇದರಿಂದ ನಿಲ್ಲದು, ಆದರೆ ದಣಿದ ಬೆಕ್ಕು ಸ್ವಲ್ಪ ಹೊತ್ತಾದರೂ ಮಲಗುತ್ತದೆ. ಬಂಗಡೆಯ ತಲೆ, ಮುಳ್ಳು ಅಂಗಳದಲ್ಲಿ ಎಸೆಯಬೇಡಿ. ಊರಿನ ಗಂಡು ಬೆಕ್ಕುಗಳಿಗೆ ಅದು ಇನ್ನೊಂದು ಕರೆ.

ನಾಲ್ಕು ದಿನ ಹೊರಗೆ ತಿರುಗಿದೆ, ಹಾಗಾಗಿ ಗಂಡು ಸೇರಿರಬಹುದು. ಇದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಬೆಕ್ಕಿನ ಗರ್ಭ ಒಂಬತ್ತು ವಾರದ್ದು, ಶುರುವಿನಲ್ಲಿ ಹೊರಗಿನಿಂದ ಗೊತ್ತಾಗುವುದಿಲ್ಲ. ಆಪರೇಷನ್ ಆದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಗಾಯ ನೆಕ್ಕದ ಹಾಗೆ, ಹಾರದ ಹಾಗೆ ಒಳಗೇ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ಕೆಲವು ವಾರ ಬಿಟ್ಟು ಅದೇ ಎಳೆದ ಕೂಗು, ಅದೇ ಹೊರಳಾಟ ಮತ್ತೆ ಕಂಡರೆ ಅಂಡಾಶಯದ ಚೂರು ಒಳಗೆ ಉಳಿದಿರುವ ಸಾಧ್ಯತೆ ಇದೆ. ಅಪರೂಪ, ಆದರೆ ಹಾಗಾದರೆ ಅದೇ ವೈದ್ಯರಿಗೆ ಮತ್ತೆ ತೋರಿಸಲೇಬೇಕು.