ನಡೆಯುವ ಕ್ರಮ ಬೇರೆ, ಕಟ್ಟಿದ ಕ್ರಮ ಬೇರೆ

ಕಳೆದ ವರ್ಷ ಒಂದು ಊರಿನ ದೇವಸ್ಥಾನ ಸಮಿತಿಯವರು ನನ್ನನ್ನು ಕರೆಸಿದ್ದರು. ಗರ್ಭಗುಡಿಯ ನಡುವಿನಿಂದ ದಾರ ಹಿಡಿದು ಎಳೆದರೆ ಅದು ಹೊರಬಾಗಿಲಿನ ನಡುವಿಗೆ ಬರುತ್ತಿರಲಿಲ್ಲ, ಒಂದು ಮೊಳ ಪಕ್ಕಕ್ಕೆ ಬೀಳುತ್ತಿತ್ತು. ಇದು ದೋಷ, ಬಾಗಿಲು ಒಡೆದು ಸರಿಯಾಗಿ ಕಟ್ಟಿ ಎಂದು ಯಾರೋ ಹೇಳಿಹೋಗಿದ್ದರು. ‘ನೀವೊಂದು ನಕ್ಷೆ ಬರೆದು ಸಹಿ ಹಾಕಿಬಿಡಿ ಸರ್, ಸಾಕು’ ಎಂದರು ಅಧ್ಯಕ್ಷರು. ಹಳೆಯ ಗುಡಿಗಳನ್ನು ಅಳೆದು ನಕ್ಷೆ ಬರೆಯುವ ಈ ಕೆಲಸದಲ್ಲಿ ನನಗೆ ಹೆಚ್ಚು ರೇಗುವುದು ಇಲ್ಲಿಯೇ. ಇಡೀ ಆವರಣವನ್ನು ಒಬ್ಬನೇ ಶಿಲ್ಪಿ ಒಂದೇ ದಿನ ಗೆರೆ ಎಳೆದು ಕಟ್ಟಿಸಿದ ಎಂದು ಎಲ್ಲರೂ ನಂಬಿರುತ್ತಾರೆ.

ಹಾಗೆ ಕಟ್ಟಿದ ಗುಡಿಗಳು ಇಲ್ಲವೆಂದಲ್ಲ. ಸೋಮನಾಥಪುರದ ಕೇಶವ ದೇವಾಲಯ ಇದೆ. ಹದಿಮೂರನೆಯ ಶತಮಾನದ್ದು, ಮೂರು ಗರ್ಭಗುಡಿ, ಸುತ್ತಲೂ 64 ಕೋಣೆಗಳ ಕೈಸಾಲೆ, ಪೂರ್ವಕ್ಕೆ ಒಂದು ಬಾಗಿಲು. ಆ ನಕ್ಷೆಯನ್ನು ನಡುವೆ ಮಡಚಿದರೆ ಒಂದು ಪಕ್ಕ ಇನ್ನೊಂದರ ಮೇಲೆ ಹೆಚ್ಚುಕಡಿಮೆ ಕೂರುತ್ತದೆ. ಆದರೆ ಸೋಮನಾಥಪುರವನ್ನು ಅಳತೆಗೋಲು ಮಾಡಿಕೊಂಡು ಉಳಿದ ಗುಡಿಗಳಲ್ಲಿ ತಪ್ಪು ಹುಡುಕಬಾರದು.

ಹಂಪಿಯ ವಿರೂಪಾಕ್ಷನ ಗುಡಿಯನ್ನೇ ನೋಡಿ. ನೀವು ಪೂರ್ವದ ರಥಬೀದಿಯಿಂದ ಬರುತ್ತೀರಿ. ಬೀದಿಯ ಆ ತುದಿಯಲ್ಲಿ ಎದುರು ಬಸವಣ್ಣ, ಈ ತುದಿಯಲ್ಲಿ ಸುಮಾರು 50 ಮೀಟರ್ ಎತ್ತರದ, ಒಂಬತ್ತು ನೆಲೆಯ ಗೋಪುರ. ಅದನ್ನು ದಾಟಿದರೆ ವಿಶಾಲವಾದ ಹೊರಪ್ರಾಕಾರ. ಮುಂದೆ ಗಿಡ್ಡನೆಯ ರಾಯಗೋಪುರ, ಅದರೊಳಗೆ ಒಳಪ್ರಾಕಾರ, ರಂಗಮಂಟಪ, ಕೊನೆಗೆ ಕತ್ತಲೆಯ ಗರ್ಭಗುಡಿ. ಒಳಹೋದಂತೆಲ್ಲ ಬಾಗಿಲು ಗಿಡ್ಡವಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಇದು ನಡೆಯುವ ಕ್ರಮ.

ಕಟ್ಟಿದ ಕ್ರಮ ಹೀಗಿಲ್ಲ. ಗರ್ಭಗುಡಿಯ ಭಾಗ ಎಲ್ಲಕ್ಕಿಂತ ಹಳೆಯದು. ಅದರ ಬಡಗಣಕ್ಕಿರುವ ಭುವನೇಶ್ವರಿಯ ಗುಡಿಯ ನುಣುಪು ಕಂಬಗಳನ್ನು ನೋಡಿದರೆ ವಿಜಯನಗರಕ್ಕಿಂತ ಹಿಂದಿನ ಚಾಲುಕ್ಯ ಮಾದರಿಯ ಕೈಕೆಲಸ ಗೊತ್ತಾಗುತ್ತದೆ. ಹೊರಗಿನ ದೊಡ್ಡ ಗೋಪುರ ಹದಿನೈದನೆಯ ಶತಮಾನದ ಎರಡನೆಯ ದೇವರಾಯನ ಕಾಲದ್ದು ಎಂದು ಹೇಳಿಕೆ. ನಡುವಿನ ರಾಯಗೋಪುರ ಮತ್ತು ರಂಗಮಂಟಪ ಕೃಷ್ಣದೇವರಾಯನವು. ಪಟ್ಟಾಭಿಷೇಕದ ನೆನಪಿಗೆ 1510ರ ಸುಮಾರಿಗೆ ಕಟ್ಟಿಸಿದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಅಂದರೆ ನೀವು ಮೊದಲು ದಾಟುವ ಬಾಗಿಲಿಗಿಂತ ಆಮೇಲೆ ದಾಟುವ ಬಾಗಿಲು ಹೊಸದು! ಕೇಂದ್ರದಿಂದ ಹೊರಗೆ ಉಂಗುರ ಉಂಗುರವಾಗಿ ಬೆಳೆಯಿತು ಎಂಬ ವಿದ್ಯಾರ್ಥಿಗಳ ಪ್ರೀತಿಯ ಸೂತ್ರವೂ ಇಲ್ಲಿ ನಿಲ್ಲುವುದಿಲ್ಲ. ಮೊದಲೇ ಇದ್ದ ಎರಡು ತುದಿಗಳ ನಡುವೆ ಮೂರನೆಯದನ್ನು ತಂದು ಸೇರಿಸಿದ್ದಾರೆ.

ಇನ್ನೊಂದು ದಾರಿಯನ್ನು ಪ್ರವಾಸಿಗರು ಗಮನಿಸುವುದೇ ಇಲ್ಲ. ಒಳಪ್ರಾಕಾರದ ಬಡಗಣ ಗೋಡೆಯಲ್ಲಿ ಕನಕಗಿರಿ ಗೋಪುರವಿದೆ. ಅದರಾಚೆ ಮನ್ಮಥ ಹೊಂಡ, ಅದರ ಸುತ್ತ ವಿಜಯನಗರಕ್ಕಿಂತ ಹಳೆಯ ಸಣ್ಣ ಗುಡಿಗಳು, ಮುಂದೆ ಹೊಳೆ. ಮಿಂದು ಬರುವವರ ದಾರಿ ಅದೇ. ರಥಬೀದಿ ಹುಟ್ಟುವ ಮೊದಲು ಜನ ಹೆಚ್ಚಾಗಿ ಈ ಕಡೆಯಿಂದಲೇ ಬರುತ್ತಿದ್ದರೆಂದು ನನ್ನ ಊಹೆ. ಊಹೆ ಎಂದೇ ಇಟ್ಟುಕೊಳ್ಳಿ.

ಶಾಸನವಿಲ್ಲದ ಕಡೆ ಏನು ಮಾಡುವುದು? ಗೋಡೆಗಳು ಸೇರುವ ಮೂಲೆಗೆ ಹೋಗಿ ನಿಲ್ಲಿ. ಎರಡು ಗೋಡೆಗಳನ್ನು ಒಟ್ಟಿಗೆ ಕಟ್ಟಿದ್ದರೆ ಒಂದರ ಕಲ್ಲು ಇನ್ನೊಂದರೊಳಗೆ ಹಲ್ಲು ಕಚ್ಚಿದಂತೆ ಹೋಗಿರುತ್ತದೆ. ಬೇರೆ ಬೇರೆ ಕಾಲದವಾದರೆ ಮೇಲಿನಿಂದ ಕೆಳಗಿನವರೆಗೆ ನೇರವಾದ ಸಂದು ಕಾಣುತ್ತದೆ, ಕೆಲವೆಡೆ ಬೆರಳು ತೂರುವಷ್ಟು. ಅಧಿಷ್ಠಾನದ, ಅಂದರೆ ಗುಡಿ ನಿಂತಿರುವ ಕಲ್ಲಿನ ಜಗಲಿಯ, ಕೆತ್ತಿದ ಪಟ್ಟಿಕೆಗಳು ಇನ್ನೊಂದು ಗೋಡೆಯ ಹಿಂದೆ ನುಗ್ಗಿ ಮರೆಯಾಗಿದ್ದರೆ ಮರೆಯಾದದ್ದೇ ಹಳೆಯದು. ಯಾರೂ ಕಾಣದ ಜಾಗಕ್ಕೆ ಕೆತ್ತನೆ ಮಾಡುವುದಿಲ್ಲ. ಒಂದೇ ಎಚ್ಚರಿಕೆ: ಕುಸಿದ ಗೋಡೆಯನ್ನು ಈಚೆಗೆ ಮತ್ತೆ ಕಟ್ಟಿದ್ದರೂ ಇಂಥದ್ದೇ ಸಂದು ಬರುತ್ತದೆ. ಗಾರೆಯಲ್ಲಿ ಸಿಮೆಂಟ್ ಇದೆಯೇ ನೋಡದೆ ನಕ್ಷೆಯಲ್ಲಿ ಕಾಲ ಬರೆಯಬೇಡಿ.

ಸಮಿತಿಯವರ ಬಾಗಿಲಿನಲ್ಲಿಯೂ ಅದೇ ಸಂದು ಸಿಕ್ಕಿತು. ಮೊದಲಿದ್ದ ಗುಡಿಗೆ ಪ್ರಾಕಾರವೇ ಇರಲಿಲ್ಲ. ತೇರಿನ ಬೀದಿ ಬಾವಿಯೊಂದನ್ನು ಸುತ್ತಿಕೊಂಡು ಬರುತ್ತದೆ, ಬಾಗಿಲನ್ನು ಆ ಬೀದಿಯ ನೇರಕ್ಕೆ ಕಟ್ಟಿದ್ದಾರೆ. ದೇವರ ನೇರಕ್ಕಲ್ಲ, ತೇರಿನ ನೇರಕ್ಕೆ. ಬಾವಿಯನ್ನು ತೋರಿಸಿದ ಮೇಲೆ ಅಧ್ಯಕ್ಷರು ಸುಮ್ಮನಾದರು. ಬಹಳ ಹೊತ್ತಲ್ಲ. ‘ಬಾಗಿಲು ಇರಲಿ ಸರ್. ಕ್ಯೂಗೆ ಕಂಬಿ ಹಾಕಿಸುತ್ತಿದ್ದೇವೆ, ಬಲಗಡೆಯಿಂದ ಬಳಸಿ ಒಳಗೆ ಬರುವ ಹಾಗೆ. ಅದನ್ನೂ ನಕ್ಷೆಯಲ್ಲಿ ತೋರಿಸಿಬಿಡಿ’ ಎಂದರು. ತೋರಿಸಿದ್ದೇನೆ, ಚುಕ್ಕಿ ಗೆರೆಯಲ್ಲಿ.